ವೈಡ್‌ನಲ್ಲಿ ಒಂದು, ಟೆಲಿಯಲ್ಲಿ ಇನ್ನೊಂದು: ವಿಡಿಯೊ ಅಲುಗಾಟಕ್ಕೆ ಯಾವ ಸ್ಟೆಬಿಲೈಸೇಶನ್?

(ಮದುವೆ, ಸಮಾರಂಭಗಳ ವಿಡಿಯೊ ಮಾಡುವವರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕ್ಯಾಮೆರಾ ಕೊಳ್ಳಲು ಹೋದಾಗ ಅಂಗಡಿಯಲ್ಲಿ "ಇದರಲ್ಲಿ ಸ್ಟೆಬಿಲೈಸೇಶನ್ ಇದೆಯಾ?" ಎಂದು ಕೇಳುತ್ತೇವೆ. ಇದೆ ಎಂದೇ ಉತ್ತರ ಬರುತ್ತದೆ. ಐದು ಸ್ಟಾಪ್, ಎಂಟು ಸ್ಟಾಪ್ ಎಂದು ಡಬ್ಬಿಯ ಮೇಲೂ ಅಚ್ಚಾಗಿರುತ್ತದೆ. ಆದರೆ ಆ ಅಂಕಿಯನ್ನು ಅಳೆಯುವುದು ಸ್ಟಿಲ್ ಫೋಟೊಗಾಗಿ. ಒಬ್ಬ ಮನುಷ್ಯ ನಿಂತಲ್ಲೇ ಕ್ಯಾಮೆರಾ ಹಿಡಿದರೆ ಶಟರ್ ಎಷ್ಟರ ಮಟ್ಟಿಗೆ ನಿಧಾನವಾಗುವವರೆಗೆ ಫೋಟೊ ಕಲಸಿಹೋಗುವುದಿಲ್ಲ ಎಂಬುದನ್ನು ಅದು ಹೇಳುತ್ತದೆ. ವಿಡಿಯೊದಲ್ಲಿ ನಮ್ಮ ಶಟರ್ ಹೆಚ್ಚು ಕಡಿಮೆ 1/50ಕ್ಕೆ ಕಟ್ಟಿಬಿದ್ದಿರುತ್ತದೆ, ನಾವು ನಡೆಯುತ್ತಿರುತ್ತೇವೆ, ತಿರುಗುತ್ತಿರುತ್ತೇವೆ. ಹಾಗಾಗಿ ಆ ಅಂಕಿಯನ್ನು ನೋಡಿ ವಿಡಿಯೊಗೆ ಕ್ಯಾಮೆರಾ ಆರಿಸಿದರೆ ಪ್ರಯೋಜನವಿಲ್ಲ. ಎಷ್ಟು ಫೋಕಲ್ ಲೆಂತ್‌ನಲ್ಲಿ, ಎಂಥ ಬೆಳಕಿನಲ್ಲಿ ಶೂಟ್ ಮಾಡುತ್ತೇವೆ ಎಂಬ ಎರಡು ಸಂಗತಿಗಳಿಂದಲೇ ಇದನ್ನು ತೀರ್ಮಾನಿಸಬೇಕು. ಇವತ್ತು ಹೇಳಬೇಕಾದದ್ದು ಅಷ್ಟೇ, ಆದರೆ ಅದಕ್ಕೆ ಕಾರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೂರು ಬಗೆಗಳ ಪರಿಚಯ ಬಹುತೇಕರಿಗೆ ಇದೆ. ಲೆನ್ಸ್ ಸ್ಟೆಬಿಲೈಸೇಶನ್‌ನಲ್ಲಿ, ಅಂದರೆ ಓಐಎಸ್‌ನಲ್ಲಿ, ಗೈರೊ ಸೆನ್ಸರ್ ಅಲುಗಾಟವನ್ನು ಅಳೆಯುತ್ತದೆ, ಲೆನ್ಸ್ ಒಳಗಿನ ಗಾಜುಗಳ ಒಂದು ಗುಂಪು ಅದಕ್ಕೆ ಎದುರಾಗಿ ಸರಿಯುತ್ತದೆ. ಎಸ್‌ಎಲ್‌ಆರ್ ಕ್ಯಾಮೆರಾದ ಲೆನ್ಸ್‌ಗೆ ಇದು ಮೊದಲು ಬಂದದ್ದು 1995ರಲ್ಲಿ, ಕ್ಯಾನನ್‌ನ 75-300 ಜೂಮ್‌ನಲ್ಲಿ. ಬಾಡಿ ಸ್ಟೆಬಿಲೈಸೇಶನ್‌ನಲ್ಲಿ, ಅಂದರೆ ಐಬಿಸ್‌ನಲ್ಲಿ, ಸೆನ್ಸರೇ ಸರಿಯುತ್ತದೆ. 2003ರ ಮಿನೋಲ್ಟಾ ಡಿಮಾಜ್ ಎ1ರಲ್ಲಿ ಇದು ಬಂತು. ಐದು ಅಕ್ಷಗಳ ಐಬಿಸ್ 2012ರ ಒಲಿಂಪಸ್ ಇ-ಎಂ5ರಲ್ಲಿ ಬಂತು. ಮೂರನೆಯದು ಎಲೆಕ್ಟ್ರಾನಿಕ್, ಇಐಎಸ್. ಇದರಲ್ಲಿ ಏನೂ ಸರಿಯುವುದಿಲ್ಲ. ಚಿತ್ರದ ಅಂಚನ್ನು ಕತ್ತರಿಸಿ, ಉಳಿದ ಭಾಗವನ್ನು ಪ್ರತಿ ಫ್ರೇಮಿನಲ್ಲೂ ಅಲುಗಾಟಕ್ಕೆ ಎದುರಾಗಿ ಜರುಗಿಸುತ್ತಾರೆ. ಕ್ಯಾಮೆರಾ ಮೆನುಗಳಲ್ಲಿ ಇದು Active, Digital IS, Electronic VR ಎಂದೆಲ್ಲ ಬೇರೆ ಬೇರೆ ಹೆಸರಿನಲ್ಲಿ ಕಾಣುತ್ತದೆ.

ಈಗ ಅಲುಗಾಟವನ್ನೇ ಅಳೆದು ನೋಡೋಣ. ಲೆಕ್ಕಕ್ಕೆ ಫುಲ್ ಫ್ರೇಮ್ ಸೆನ್ಸರ್ ಇಟ್ಟುಕೊಳ್ಳಿ. 36 ಮಿಲಿಮೀಟರ್ ಅಗಲ, 4ಕೆ ವಿಡಿಯೊಗೆ 3840 ಪಿಕ್ಸೆಲ್. ಒಂದು ಮಿಲಿಮೀಟರಿಗೆ ಸುಮಾರು 107 ಪಿಕ್ಸೆಲ್ ಆಯಿತು. ಕ್ಯಾಮೆರಾ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ಮಾತ್ರ ಓಲಿತು ಎನ್ನಿ. 24 ಎಂಎಂ ಲೆನ್ಸ್‌ನಲ್ಲಿ ಚಿತ್ರ ನಾಲ್ಕೂವರೆ ಪಿಕ್ಸೆಲ್ ಜರುಗುತ್ತದೆ. 50ರಲ್ಲಿ ಒಂಬತ್ತು. 200ರಲ್ಲಿ 37. ಟೆಲಿ ಲೆನ್ಸ್ ಕೈಯಲ್ಲಿ ನಿಲ್ಲುವುದಿಲ್ಲ ಎನ್ನುತ್ತೇವಲ್ಲ, ಕೈಯ ನಡುಕ ಅಷ್ಟೇ ಇದ್ದರೂ ಅದು ಎಂಟು ಪಟ್ಟು ದೊಡ್ಡದಾಗಿ ಕಾಣುತ್ತಿರುತ್ತದೆ.

ಇದು ಓಲುವ ಅಲುಗಾಟದ ಮಾತು, ಅಂದರೆ ಲೆನ್ಸ್‌ನ ಮೂತಿ ಮೇಲೆ ಕೆಳಗೆ ಅಥವಾ ಎಡಕ್ಕೆ ಬಲಕ್ಕೆ ತಿರುಗುವುದು. ಇನ್ನೊಂದು, ಕ್ಯಾಮೆರಾ ಸ್ಟೇರಿಂಗ್‌ನಂತೆ ತಿರುಚಿಕೊಳ್ಳುವುದು. ಇದಕ್ಕೆ ಫೋಕಲ್ ಲೆಂತ್‌ನ ಹಂಗಿಲ್ಲ. ಒಂದು ಡಿಗ್ರಿ ತಿರುಚಿದರೆ ಫ್ರೇಮಿನ ಎಡ, ಬಲ ಅಂಚುಗಳು ಸುಮಾರು 33 ಪಿಕ್ಸೆಲ್ ಮೇಲೆ ಕೆಳಗೆ ಹೋಗುತ್ತವೆ, ಲೆನ್ಸ್ ಯಾವುದೇ ಇರಲಿ. ಲೆನ್ಸ್ ಒಳಗಿನ ಗಾಜು ಎತ್ತ ಸರಿದರೂ ಚಿತ್ರವನ್ನು ತಿರುಗಿಸಲಾರದು. ಹಾಗಾಗಿ ಓಐಎಸ್ ಮಾತ್ರ ಇರುವ ಕ್ಯಾಮೆರಾದಲ್ಲಿ ನಡೆದರೆ ದಿಗಂತ ತೂಗಾಡುತ್ತಲೇ ಇರುತ್ತದೆ. ಅದನ್ನು ಸರಿಪಡಿಸಲು ಐಬಿಸ್ ಬೇಕು, ಇಲ್ಲವೇ ಇಐಎಸ್ ಬೇಕು.

ಮೂರನೆಯದು ಇಡೀ ಕ್ಯಾಮೆರಾ ಮೇಲೆ ಕೆಳಗೆ ಹೋಗುವುದು. ನಡೆಯುವಾಗ ನಮ್ಮ ತಲೆ, ಭುಜ ಹೆಜ್ಜೆ ಹೆಜ್ಜೆಗೂ ಏರಿ ಇಳಿಯುತ್ತವೆ. ಕ್ಯಾಮೆರಾ ಮೂರು ಸೆಂಟಿಮೀಟರ್ ಏರಿತು, 50 ಎಂಎಂ ಲೆನ್ಸ್ ಇದೆ, ಎರಡು ಮೀಟರ್ ದೂರದಲ್ಲಿ ಮದುಮಗಳು ಇದ್ದಾಳೆ ಎನ್ನಿ. ಅವಳ ಮುಖ ಫ್ರೇಮಿನಲ್ಲಿ 80 ಪಿಕ್ಸೆಲ್ ಇಳಿಯುತ್ತದೆ. ಹಿಂದೆ, ಕ್ಯಾಮೆರಾದಿಂದ ಇಪ್ಪತ್ತು ಮೀಟರ್ ದೂರದಲ್ಲಿರುವ ಮಂಟಪ ಇಳಿಯುವುದು ಎಂಟು ಪಿಕ್ಸೆಲ್ ಮಾತ್ರ. ಮುಖವನ್ನು ನಿಲ್ಲಿಸಲು ಹೊರಟರೆ ಮಂಟಪ ಕುಣಿಯುತ್ತದೆ, ಮಂಟಪವನ್ನು ನಿಲ್ಲಿಸಿದರೆ ಮುಖ ಕುಣಿಯುತ್ತದೆ. ಇಡೀ ಚಿತ್ರವನ್ನು ಒಟ್ಟಿಗೆ ಜರುಗಿಸುವ ಯಾವ ಸಾಧನವೂ ಈ ಎರಡನ್ನೂ ಒಮ್ಮೆಲೇ ಸರಿಮಾಡಲಾರದು. ಮೂರು ಅಕ್ಷದ ಗಿಂಬಲ್ ಕೂಡ ಓಲಾಟವನ್ನು ನಿಲ್ಲಿಸುತ್ತದೆಯೇ ಹೊರತು ಈ ಏರಿಳಿತವನ್ನಲ್ಲ. ಮೊಣಕಾಲು ಸ್ವಲ್ಪ ಬಾಗಿಸಿ, ಹಿಮ್ಮಡಿಯಿಂದ ಬೆರಳಿನವರೆಗೆ ಪಾದವನ್ನು ಉರುಳಿಸಿ ಇಡುತ್ತಾ ಸಣ್ಣ ಹೆಜ್ಜೆ ಹಾಕುವುದೇ ಇದಕ್ಕೆ ಉಪಾಯ. ಹತ್ತಿರದ ವಸ್ತು ಫ್ರೇಮಿನಲ್ಲಿ ಇಲ್ಲದ ಹಾಗೆ ನೋಡಿಕೊಂಡರೂ ತೊಂದರೆ ಬಹಳ ಕಡಿಮೆಯಾಗುತ್ತದೆ.

ಇನ್ನು ನಿಜವಾದ ಗೊಂದಲಕ್ಕೆ ಬರೋಣ. ಐಬಿಸ್ ಇರುವ ದುಬಾರಿ ಬಾಡಿ ಕೊಂಡು, 16 ಎಂಎಂ ವೈಡ್ ಹಾಕಿ ನಡೆದವರಿಗೆ ಒಂದು ವಿಚಿತ್ರ ಕಾಣುತ್ತದೆ. ಫ್ರೇಮಿನ ನಡುಭಾಗ ಗಟ್ಟಿಯಾಗಿ ನಿಂತಿರುತ್ತದೆ, ಮೂಲೆಗಳು ಮಾತ್ರ ಜೆಲ್ಲಿಯಂತೆ ಹಿಗ್ಗಿ ಕುಗ್ಗುತ್ತಿರುತ್ತವೆ. ಬಹಳ ಜನ ಇದನ್ನು ರೋಲಿಂಗ್ ಶಟರ್ ಎಂದುಕೊಳ್ಳುತ್ತಾರೆ, ಸರ್ವಿಸ್ ಸೆಂಟರಿಗೂ ಒಯ್ಯುತ್ತಾರೆ. ಕ್ಯಾಮೆರಾ ಕೆಟ್ಟಿರುವುದಿಲ್ಲ. ರೇಖಾಗಣಿತವೇ ಹಾಗಿದೆ.

ವೈಡ್ ಲೆನ್ಸ್ ನೇರ ಗೆರೆಗಳನ್ನು ನೇರವಾಗಿಯೇ ಇಡುತ್ತದೆ, ಅದಕ್ಕಾಗಿ ಅಂಚಿನ ಚಿತ್ರವನ್ನು ಎಳೆದು ಹಿಗ್ಗಿಸುತ್ತದೆ. ಗುಂಪು ಫೋಟೊದಲ್ಲಿ ಕೊನೆಯಲ್ಲಿ ನಿಂತವರು ದಪ್ಪ ಕಾಣುವುದು ಇದರಿಂದಲೇ. ಆದ್ದರಿಂದ ಕ್ಯಾಮೆರಾ ಎಡಕ್ಕೆ ಒಂದು ಡಿಗ್ರಿ ತಿರುಗಿದಾಗ ನಡುವಿನ ಚಿತ್ರ ಮತ್ತು ಅಂಚಿನ ಚಿತ್ರ ಒಂದೇ ಅಳತೆಯಲ್ಲಿ ಜರುಗುವುದಿಲ್ಲ. 16 ಎಂಎಂನಲ್ಲಿ ನಡುಭಾಗ 30 ಪಿಕ್ಸೆಲ್ ಜರುಗಿದರೆ ಎಡ, ಬಲ ಅಂಚುಗಳು ಸುಮಾರು 68 ಪಿಕ್ಸೆಲ್ ಜರುಗುತ್ತವೆ. ಸೆನ್ಸರ್ ಒಂದೇ ಗಟ್ಟಿ ಹಲಗೆ. ನಡುಭಾಗಕ್ಕೆ ಸರಿಯಾಗಿ 30 ಪಿಕ್ಸೆಲ್ ಅಷ್ಟು ಅದು ಸರಿಯುತ್ತದೆ. ಅಂಚಿನಲ್ಲಿ 38 ಪಿಕ್ಸೆಲ್ ಅಲುಗಾಟ ಹಾಗೇ ಉಳಿಯುತ್ತದೆ, ಅದೂ ನಡುಭಾಗ ನಿಂತಿರುವುದರಿಂದ ಎದ್ದು ಕಾಣುತ್ತದೆ. ಈ ಉಳಿಕೆ 35 ಎಂಎಂನಲ್ಲಿ 17 ಪಿಕ್ಸೆಲ್‌ಗೆ ಇಳಿಯುತ್ತದೆ, 50ರಲ್ಲಿ 12ಕ್ಕೆ. ಫೋಕಲ್ ಲೆಂತ್ ಇಮ್ಮಡಿಯಾದರೆ ಉಳಿಕೆ ಅರ್ಧಕ್ಕರ್ಧ ಕಡಿಮೆ. ಎಪಿಎಸ್-ಸಿ ಕ್ಯಾಮೆರಾ ಇರುವವರು ತಮ್ಮ ಲೆನ್ಸ್‌ನ ಅಂಕಿಯನ್ನು ಒಂದೂವರೆಯಿಂದ ಗುಣಿಸಿ ನೋಡಿಕೊಳ್ಳಿ.

ಇಡೀ ಚಿತ್ರವನ್ನು ಒಂದೇ ಅಳತೆಯಲ್ಲಿ ಸರಿಸುವ ಯಾವುದಕ್ಕೂ ಈ ತೊಂದರೆ ತಪ್ಪಿದ್ದಲ್ಲ. ಗೈರೊ ಲೆಕ್ಕ ಆಧರಿಸಿ ಚೆನ್ನಾಗಿ ಮಾಡಿದ ಇಐಎಸ್ ಮಾತ್ರ ಇಲ್ಲಿ ಗೆಲ್ಲುತ್ತದೆ. ಅದು ಚಿತ್ರವನ್ನು ಬರೀ ಜರುಗಿಸುವುದಿಲ್ಲ, ಲೆನ್ಸ್ ಚಿತ್ರವನ್ನು ಹೇಗೆ ಹಿಗ್ಗಿಸುತ್ತದೆ ಎಂಬ ಲೆಕ್ಕ ಹಿಡಿದು ನಡುವನ್ನು ಒಂದಿಷ್ಟು, ಅಂಚನ್ನು ಇನ್ನಷ್ಟು ಎಳೆಯುತ್ತದೆ. 2018ರಲ್ಲಿ ಗೋಪ್ರೊ ಹೀರೊ 7 ಬ್ಲ್ಯಾಕ್‌ನಲ್ಲಿ ಹೈಪರ್‌ಸ್ಮೂತ್ ಬಂದಾಗ, ಅಷ್ಟು ವೈಡ್ ಆದ ಲೆನ್ಸ್‌ನಲ್ಲೂ ಚಿತ್ರ ಗಿಂಬಲ್‌ನಂತೆ ತೇಲಿದ್ದಕ್ಕೆ ಇದೇ ಕಾರಣ. ವೈಡ್ ಹಾಕಿಕೊಂಡು ನಡೆಯುವವರಿಗೆ ಇಐಎಸ್ ಎಂದರೆ ಅಗ್ಗದ ಬದಲಿ ಎಂಬ ತಾತ್ಸಾರ ಬೇಡ. ಅಲ್ಲಿ ಅದೇ ಸರಿಯಾದ ಉಪಕರಣ.

ಹಾಗಾದರೆ ಯಾವಾಗಲೂ ಇಐಎಸ್ ಆನ್ ಇಟ್ಟರೆ ಮುಗಿಯಲಿಲ್ಲವೇ? ಇಲ್ಲ, ಅದಕ್ಕೆ ಎರಡು ಮಿತಿಗಳಿವೆ.

ಮೊದಲನೆಯದು ಕ್ರಾಪ್. ಕತ್ತರಿಸಿ ಇಟ್ಟುಕೊಂಡ ಅಂಚಿನಷ್ಟೇ ಅದು ಓಡಾಡಬಲ್ಲದು. 1.1 ಪಟ್ಟು ಕ್ರಾಪ್ ಎಂದುಕೊಳ್ಳಿ. 16:9 ಫ್ರೇಮಿನಲ್ಲಿ ಮೇಲೊಂದು ಕೆಳಗೊಂದು ಸುಮಾರು 0.9 ಮಿಲಿಮೀಟರ್ ಜಾಗ ಸಿಗುತ್ತದೆ. 20 ಎಂಎಂ ಲೆನ್ಸ್‌ನಲ್ಲಿ ಆ ಜಾಗ ಎರಡೂವರೆ ಡಿಗ್ರಿಗೂ ಮಿಕ್ಕಿದ ಓಲಾಟವನ್ನು ನುಂಗುತ್ತದೆ. ನಡಿಗೆಗೆ ಧಾರಾಳವಾಯಿತು. 200ರಲ್ಲಿ ಅದೇ ಜಾಗ ಕಾಲು ಡಿಗ್ರಿಗೆ ಮುಗಿದುಹೋಗುತ್ತದೆ. ಮುಗಿದ ಕೂಡಲೇ ಚಿತ್ರ ಗೋಡೆಗೆ ಡಿಕ್ಕಿ ಹೊಡೆದ ಹಾಗೆ ಗಕ್ಕನೆ ಜರಿಯುತ್ತದೆ. ನಿಂತಂತೆ, ಜರಿದಂತೆ, ಮತ್ತೆ ನಿಂತಂತೆ ಕಂಡರೆ ಅಂಚು ಮುಗಿದಿದೆ ಎಂದರ್ಥ. ಹೆಚ್ಚು ಬಿಗಿಯಾದ ಮೋಡ್‌ಗಳಲ್ಲಿ ಕ್ರಾಪ್ 1.4ರವರೆಗೂ ಹೋಗಬಹುದು. ಆಗ ನಿಮ್ಮ 24 ಎಂಎಂ ಲೆನ್ಸ್ 34ರಂತೆ ಕಾಣುತ್ತದೆ, ಇಕ್ಕಟ್ಟಾದ ಕೋಣೆಯಲ್ಲಿ ಅದು ಉಪಯೋಗಕ್ಕೆ ಬಾರದು. ಇಐಎಸ್ ನಂಬಿ ಕೆಲಸಕ್ಕೆ ಹೊರಡುವವರು ಬೇಕಾದದ್ದಕ್ಕಿಂತ ಒಂದು ಹಂತ ವೈಡ್ ಆದ ಲೆನ್ಸ್ ಒಯ್ಯಬೇಕು.

ಎರಡನೆಯ ಮಿತಿ ನಮ್ಮ ಛತ್ರಗಳಲ್ಲಿ ಹೆಚ್ಚು ಕಾಡುತ್ತದೆ. ಓಐಎಸ್, ಐಬಿಸ್ ಎರಡೂ ಶಟರ್ ತೆರೆದಿರುವಾಗಲೇ ಕೆಲಸ ಮಾಡುತ್ತವೆ. ಇಐಎಸ್ ಕೆಲಸ ಶುರು ಮಾಡುವುದು ಫ್ರೇಮ್ ದಾಖಲಾದ ಮೇಲೆ. ಆ ಫ್ರೇಮಿನೊಳಗೆ ಅಲುಗಾಟದಿಂದ ಚಿತ್ರ ಕಲಸಿದ್ದರೆ ಅದನ್ನು ತೆಗೆಯಲು ಬರುವುದಿಲ್ಲ. ಹಿಮ್ಮಡಿ ನೆಲಕ್ಕೆ ಬಡಿದ ಗಳಿಗೆಯಲ್ಲಿ ಕ್ಯಾಮೆರಾ ಸೆಕೆಂಡಿಗೆ ಐದು ಡಿಗ್ರಿ ವೇಗದಲ್ಲಿ ಓಲಿತು ಎನ್ನಿ. 24 ಎಂಎಂ ಲೆನ್ಸ್, 1/50 ಶಟರ್‌ನಲ್ಲಿ ಆ ಒಂದು ಫ್ರೇಮ್ ನಾಲ್ಕೂವರೆ ಪಿಕ್ಸೆಲ್ ಅಷ್ಟು ಕಲಸುತ್ತದೆ. ಮುಂದಿನ ಫ್ರೇಮ್ ಚೂಪಾಗಿರುತ್ತದೆ. ಇಐಎಸ್ ಎರಡನ್ನೂ ಒಂದೇ ಜಾಗದಲ್ಲಿ ತಂದು ನಿಲ್ಲಿಸುತ್ತದೆ. ಫಲವಾಗಿ ಚಿತ್ರ ಅಲುಗುವುದಿಲ್ಲ, ಆದರೆ ಹೆಜ್ಜೆ ಹೆಜ್ಜೆಗೂ ಮಂಕಾಗಿ ಮತ್ತೆ ಚೂಪಾಗುತ್ತದೆ. ಆಟೋ ಫೋಕಸ್ ತಪ್ಪುತ್ತಿದೆ ಎಂದು ದೂರುವವರಲ್ಲಿ ಕೆಲವರ ಕ್ಲಿಪ್‌ಗಳಲ್ಲಿ ನಿಜಕ್ಕೂ ಇರುವುದು ಇದು. ಪರೀಕ್ಷೆ ಸುಲಭ. ಎಡಿಟಿಂಗ್ ಟೈಮ್‌ಲೈನ್‌ನಲ್ಲಿ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಮಂಕಾದ ಫ್ರೇಮಿನಲ್ಲಿ ದೀಪದ ಚುಕ್ಕಿಗಳು ಒಂದೇ ದಿಕ್ಕಿಗೆ ಗೀರಿನಂತೆ ಉದ್ದವಾಗಿದ್ದರೆ ಅದು ಅಲುಗಾಟ. ದುಂಡಗೆ ಉಬ್ಬಿದ್ದರೆ ಫೋಕಸ್ ತಪ್ಪಿದೆ.

ಇದಕ್ಕೆ ಶಟರ್ ವೇಗ ಹೆಚ್ಚಿಸಬೇಕು. 1/200ರಲ್ಲಿ ಅದೇ ಕಲಸು ಒಂದು ಪಿಕ್ಸೆಲ್‌ಗೆ ಇಳಿಯುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಬಿಸಿಲಲ್ಲಿ ಇದು ಸಲೀಸು. 25 ಫ್ರೇಮ್‌ಗೆ 1/50 ಶಟರ್ ಎಂಬ ನಿಯಮ ಹಿಡಿದು ಎನ್‌ಡಿ ಫಿಲ್ಟರ್ ಹಾಕಿರುತ್ತೇವಲ್ಲ, ಇಐಎಸ್ ಬಳಸುವಾಗ ಎರಡು ಸ್ಟಾಪ್ ತಿಳಿಯಾದ ಎನ್‌ಡಿ ಹಾಕಿದರೆ ಸಾಕು. ಚಲನೆಯ ಸಹಜ ಮೃದುತ್ವ ಸ್ವಲ್ಪ ಹೋಗುತ್ತದೆ, ಆದರೆ ಮಿಡಿಯುವ ಮಂಕಿಗಿಂತ ಅದು ಎಷ್ಟೋ ವಾಸಿ.

ಛತ್ರದ ಒಳಗೆ ಬಂದಾಗ ಕೈ ಕಟ್ಟಿಹಾಕಿದಂತಾಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. 1/50 ಮತ್ತು 1/100 ಶಟರ್‌ಗಳಲ್ಲಿ ಪೂರ್ತಿ ಮಿನುಗುಗಳು ಸೇರುತ್ತವೆ, ಚಿತ್ರ ಶುದ್ಧವಾಗಿರುತ್ತದೆ. 1/200ಕ್ಕೆ ಹೋದರೆ ಅರ್ಧ ಮಿನುಗು ಮಾತ್ರ ಸಿಗುತ್ತದೆ, ಕಪ್ಪು ಪಟ್ಟಿಗಳು ಫ್ರೇಮಿನಲ್ಲಿ ಹರಿದಾಡತೊಡಗುತ್ತವೆ. ಜೊತೆಗೆ ಐಎಸ್‌ಒ ನಾಲ್ಕು ಪಟ್ಟು ಏರಿಸಬೇಕಾಗುತ್ತದೆ. ಇಐಎಸ್‌ಗೆ ಬೇಕಾದ ಶಟರ್ ಒಂದು, ದೀಪಗಳು ಒಪ್ಪುವ ಶಟರ್ ಇನ್ನೊಂದು. ಒಳಾಂಗಣದಲ್ಲಿ 1/100ರ ಆಚೆ ಹೋಗುವಂತಿಲ್ಲ ಎಂದಿಟ್ಟುಕೊಳ್ಳಿ. ಅಲ್ಲಿ ಗಾಜು ಅಥವಾ ಸೆನ್ಸರ್ ನಿಜವಾಗಿ ಸರಿಯುವ ಸ್ಟೆಬಿಲೈಸೇಶನ್ನೇ ಮೇಲು.

ಟೆಲಿಯ ಮಾತು ಸಂಕ್ಷೇಪವಾಗಿ ಹೇಳಬಹುದು. 200 ಎಂಎಂನಲ್ಲಿ ಒಂದು ಡಿಗ್ರಿ ಓಲಾಟಕ್ಕೆ ಚಿತ್ರ ಮೂರೂವರೆ ಮಿಲಿಮೀಟರ್ ಜರುಗುತ್ತದೆ. ಸೆನ್ಸರ್ ಓಡಾಡಬಲ್ಲದ್ದೇ ಕೆಲವು ಮಿಲಿಮೀಟರ್. 400ಕ್ಕೆ ಹೋದರೆ ಅರ್ಧ ಡಿಗ್ರಿಯಲ್ಲೇ ಅದು ತುದಿ ಮುಟ್ಟುತ್ತದೆ. ಲೆನ್ಸ್ ಒಳಗೆ ಗಾಜಿನ ಸಣ್ಣ ಸರಿತವೇ ಚಿತ್ರವನ್ನು ಬಹಳ ದೂರ ಜರುಗಿಸುವಂತೆ ವಿನ್ಯಾಸ ಮಾಡಬಹುದು, ಆಯಾ ಲೆನ್ಸ್‌ಗೆ ತಕ್ಕಂತೆ. ಆದ್ದರಿಂದ 100 ಎಂಎಂ ದಾಟಿದ ಮೇಲೆ ಓಐಎಸ್ ಇರುವ ಲೆನ್ಸ್‌ಗೇ ದುಡ್ಡು ಹಾಕಬೇಕು. ಐಬಿಸ್ ಕೂಡ ಇರುವ ಬಾಡಿಯಲ್ಲಿ ಒಂದೇ ಕಂಪನಿಯ ಜೋಡಿಯಾದರೆ ಸಾಮಾನ್ಯವಾಗಿ ಓಲಾಟವನ್ನು ಲೆನ್ಸ್ ನೋಡಿಕೊಳ್ಳುತ್ತದೆ, ತಿರುಚುವುದನ್ನು ಬಾಡಿ ನೋಡಿಕೊಳ್ಳುತ್ತದೆ. ಬೇರೆ ಕಂಪನಿಯ ಲೆನ್ಸ್ ಆದರೆ ಎರಡೂ ಒಟ್ಟಿಗೆ ದುಡಿಯುತ್ತವೆಯೇ, ಅಥವಾ ಒಂದು ಆನ್ ಆದಾಗ ಇನ್ನೊಂದು ಆಫ್ ಆಗುತ್ತದೆಯೇ ಎಂದು ಕೊಳ್ಳುವ ಮುಂಚೆ ಹಾಕಿ ನೋಡಿ.

ಈಗ ಒಂದು ಮದುವೆಯ ಬೆಳಗನ್ನು ಹಿಡಿದುಕೊಂಡು ಇದನ್ನು ಹೊಂದಿಸೋಣ. ಫುಲ್ ಫ್ರೇಮ್ ಬಾಡಿ, ಐಬಿಸ್ ಇದೆ, ಇಐಎಸ್ ಮೋಡ್ ಇದೆ. ಚೀಲದಲ್ಲಿ 16-35 ಮತ್ತು ಓಐಎಸ್ ಇರುವ 70-200. ಹೊರಗೆ ವರನ ಕಡೆಯವರನ್ನು ಎದುರುಗೊಳ್ಳುವಾಗ ಹಿಮ್ಮುಖವಾಗಿ ನಡೆಯುತ್ತಾ ಶೂಟ್ ಮಾಡಬೇಕು, ಬಿಸಿಲಿದೆ. ಲೆನ್ಸನ್ನು 18ಕ್ಕೆ ಇಡಿ, ಇಐಎಸ್ ಆನ್, ಶಟರ್ 1/200. ಕ್ರಾಪ್ ಆದ ಮೇಲೆ ಅದು 20ರ ಹತ್ತಿರ ಕಾಣುತ್ತದೆ. ವಾದ್ಯದವರು ಒಂದು ಮೀಟರ್ ಹತ್ತಿರಕ್ಕೆ ಬಂದರೆ ಏರಿಳಿತ ಎದ್ದು ಕಾಣುತ್ತದೆ, ಎರಡು ಮೂರು ಮೀಟರ್ ಅಂತರ ಇಟ್ಟುಕೊಳ್ಳಿ.

ಒಳಗೆ ಬಾಗಿಲಿನಿಂದ ಮಂಟಪದವರೆಗೆ ನಡೆಯುವ ಶಾಟ್. ಮೂರರಲ್ಲಿ ಯಾವುದೂ ಪೂರ್ತಿ ಕೆಲಸ ಮಾಡದ ಜಾಗ ಇದು. ವೈಡ್‌ನಲ್ಲಿ ಐಬಿಸ್ ಮೂಲೆ ಕುಣಿಸುತ್ತದೆ, ಮಂದ ಬೆಳಕಲ್ಲಿ ಇಐಎಸ್ ಮಂಕಾಗಿಸುತ್ತದೆ. ಗಿಂಬಲ್ ಇದ್ದರೆ ಇಲ್ಲೇ ಅದರ ಬೆಲೆ, ಆಗ ಇಐಎಸ್ ಆಫ್ ಮಾಡಿ. ಇಲ್ಲದಿದ್ದರೆ 35ಕ್ಕೆ ಜೂಮ್ ಮಾಡಿ, ಐಬಿಸ್ ಮಾತ್ರ ಇಟ್ಟು, ಶಟರ್ 1/100ರಲ್ಲಿ 50 ಫ್ರೇಮ್ ವೇಗಕ್ಕೆ ಶೂಟ್ ಮಾಡಿ 25ಕ್ಕೆ ನಿಧಾನಿಸಿ. ಚಿತ್ರ ಅರ್ಧ ವೇಗದಲ್ಲಿ ಓಡುವುದರಿಂದ ಅಲುಗಾಟವೂ ಅರ್ಧ ವೇಗಕ್ಕೆ ಇಳಿದು ತೇಲಿದ ಹಾಗೆ ಕಾಣುತ್ತದೆ. ಮಂತ್ರ, ಮಾತುಗಳ ಧ್ವನಿ ಬೇಕಾದ ಶಾಟ್‌ಗೆ ಇದು ಆಗದು. ಆಗ ನಡೆಯದೆ ನಿಂತೇ ಶೂಟ್ ಮಾಡಿ.

ಧಾರೆಯ ಹೊತ್ತಿಗೆ ಜನ ಮುತ್ತಿರುತ್ತಾರೆ, ಮಂಟಪದ ಬಳಿ ಜಾಗ ಸಿಗುವುದಿಲ್ಲ. ದೂರದಿಂದ 200 ಎಂಎಂನಲ್ಲಿ ಕೈಗಳ ಕ್ಲೋಸಪ್ ಬೇಕು. 1/50, ಓಐಎಸ್ ಆನ್, ಐಬಿಸ್ ಆನ್, ಇಐಎಸ್ ಆಫ್, ಕೆಳಗೊಂದು ಮಾನೊಪಾಡ್. ಕೈಗಳಿಂದ ಮುಖಕ್ಕೆ ಪ್ಯಾನ್ ಮಾಡುವಾಗ ಒಂದು ಎಚ್ಚರ. ನೀವು ತಿರುಗಿಸಲು ಶುರು ಮಾಡಿದ್ದನ್ನೂ ಸ್ಟೆಬಿಲೈಸರ್ ಅಲುಗಾಟವೆಂದೇ ತಿಳಿದು ಹಿಡಿದಿಡುತ್ತದೆ. ಚಿತ್ರ ಮೊದಲು ಅಂಟಿಕೊಂಡು, ಆಮೇಲೆ ಹಾರಿ, ನೀವು ನಿಂತ ಮೇಲೂ ಸ್ವಲ್ಪ ಮುಂದೆ ತೇಲುತ್ತದೆ. ಲೆನ್ಸ್ ಮೇಲೆ ಪ್ಯಾನಿಂಗ್‌ಗೆಂದು ಮೋಡ್ 2 ಇದ್ದರೆ ಅದಕ್ಕೆ ಹಾಕಿ, ಆಗ ಪ್ಯಾನ್ ಮಾಡುವ ದಿಕ್ಕನ್ನು ಅದು ಬಿಟ್ಟುಬಿಡುತ್ತದೆ. ಪ್ಯಾನಸಾನಿಕ್‌ನಲ್ಲಿ Boost I.S. (Video) ಎಂಬ ಆಯ್ಕೆ ಇದೆ. ಅದು ಒಂದೇ ಫ್ರೇಮಿನಲ್ಲಿ ಕದಲದೆ ನಿಲ್ಲುವ ಶಾಟ್‌ಗೆ ಅದ್ಭುತ, ಪ್ಯಾನ್‌ಗೆ ಕೆಟ್ಟದ್ದು. ಗಟ್ಟಿ ಟ್ರೈಪಾಡ್ ಮೇಲೆ ಇಟ್ಟಾಗ ಸ್ಟೆಬಿಲೈಸೇಶನ್ ಪೂರ್ತಿ ಆಫ್ ಮಾಡಿ. ಇಲ್ಲದ ಅಲುಗಾಟವನ್ನು ಹುಡುಕುತ್ತಾ ಚಿತ್ರ ತಾನೇ ಮೆಲ್ಲಗೆ ಜಾರುವುದು ಹಳೆಯ ಲೆನ್ಸ್‌ಗಳಲ್ಲಿ ಹೆಚ್ಚು.

ಹಳೆಯ ಮ್ಯಾನುಯಲ್ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಬಳಸುವವರು ಈಗ ಬಹಳ ಜನ ಇದ್ದಾರೆ. ಆ ಲೆನ್ಸ್ ತನ್ನ ಫೋಕಲ್ ಲೆಂತ್ ಎಷ್ಟೆಂದು ಬಾಡಿಗೆ ಹೇಳುವುದಿಲ್ಲ, ನೀವೇ ಮೆನುವಿನಲ್ಲಿ ತುಂಬಬೇಕು. 135 ಹಾಕಿಕೊಂಡು ಮೆನುವಿನಲ್ಲಿ 50 ಎಂದೇ ಉಳಿದಿದ್ದರೆ ಸೆನ್ಸರ್ ಬೇಕಾದದ್ದರ ಮೂರನೇ ಒಂದು ಭಾಗದಷ್ಟೇ ಸರಿಯುತ್ತದೆ, ಐಬಿಸ್ ಕೆಟ್ಟಿದೆ ಎನಿಸುತ್ತದೆ. ತಿರುಗುಮುರುಗಾದರೆ ಇನ್ನೂ ಅಪಾಯ. 50 ಹಾಕಿಕೊಂಡು ಮೆನುವಿನಲ್ಲಿ 135 ಇದ್ದರೆ ಸೆನ್ಸರ್ ಅಗತ್ಯಕ್ಕಿಂತ ಹೆಚ್ಚು ಸರಿದು, ಸ್ಟೆಬಿಲೈಸೇಶನ್ ಇಲ್ಲದ್ದಕ್ಕಿಂತ ಹೆಚ್ಚಾಗಿ ಚಿತ್ರ ಎದುರು ದಿಕ್ಕಿಗೆ ಕುಣಿಯುತ್ತದೆ. ಲೆನ್ಸ್ ಬದಲಿಸಿದಾಗೆಲ್ಲ ಆ ಅಂಕಿ ಬದಲಿಸಬೇಕು. ಮೆನು ಹುಡುಕುವ ಬದಲು ಆ ಆಯ್ಕೆಯನ್ನು ಒಂದು ಕಸ್ಟಮ್ ಬಟನ್‌ಗೆ ಕೊಟ್ಟುಬಿಡಿ.

ಕೊನೆಯದಾಗಿ ವಾಹನದ ಮೇಲೆ ಕ್ಯಾಮೆರಾ ಕಟ್ಟುವವರಿಗೆ. ಐಬಿಸ್‌ನಲ್ಲಿ ಸೆನ್ಸರ್ ಆಯಸ್ಕಾಂತದ ಬಲದಲ್ಲಿ ತೇಲಿಕೊಂಡಿರುತ್ತದೆ. ಕಾರಿನ ಬಾನೆಟ್ ಮೇಲೆ ಬಲವಾದ ಕುಲುಕಾಟ ಬಂದಾಗ ಐಬಿಸ್ ಆಫ್ ಇದ್ದರೂ ಅದು ಅದುರಬಹುದು. ಪ್ಯಾನಸಾನಿಕ್ 2018ರ ಜಿಎಚ್5ಎಸ್‌ನಲ್ಲಿ ಐಬಿಸ್ ಕೈಬಿಟ್ಟು ಸೆನ್ಸರನ್ನು ಬಿಗಿಯಾಗಿ ಕೂರಿಸಿದ್ದು ಇಂಥ ಬಳಕೆಗಾಗಿಯೇ. ವಾಹನಕ್ಕೆ ಸೆನ್ಸರ್ ಕದಲದ ಕ್ಯಾಮೆರಾ ಮತ್ತು ಇಐಎಸ್ ಒಳ್ಳೆಯ ಜೋಡಿ. ಅಥವಾ ಗೈರೊ ದಾಖಲೆ ಉಳಿಸುವ ಕ್ಯಾಮೆರಾದಲ್ಲಿ ಸ್ಟೆಬಿಲೈಸೇಶನ್ ಆಫ್ ಮಾಡಿ ಶೂಟ್ ಮಾಡಿ, ಆಮೇಲೆ ಗೈರೊಫ್ಲೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ನಿಲ್ಲಿಸಬಹುದು. ಅಲ್ಲೂ ಶಟರ್ 1/200ಕ್ಕಿಂತ ವೇಗವಾಗಿರಲಿ. ಕ್ಯಾಮೆರಾದ ಸ್ಟೆಬಿಲೈಸೇಶನ್ ಆನ್ ಉಳಿದಿದ್ದರೆ ಒಂದೇ ಅಲುಗಾಟಕ್ಕೆ ಎರಡು ಸಲ ತಿದ್ದುಪಡಿ ಬಿದ್ದು ಚಿತ್ರ ಹಿಂದೆ ಮುಂದೆ ಎಳೆದಾಡುತ್ತದೆ. ಬೈಕಿನ ಹ್ಯಾಂಡಲ್‌ಗೆ ಫೋನನ್ನು ಬಿಗಿಯುವವರು ಇನ್ನೊಂದು ತಿಳಿದಿರಬೇಕು. ಶಕ್ತಿಯುತ ಬೈಕ್ ಎಂಜಿನ್‌ನ ಕಂಪನ ಫೋನಿನ ಓಐಎಸ್ ಭಾಗವನ್ನು ಹಾಳುಮಾಡಬಹುದು ಎಂದು ಆಪಲ್ 2021ರಲ್ಲೇ ಎಚ್ಚರಿಸಿದೆ. ಹಾಗಾಗಿ ಹ್ಯಾಂಡಲ್ ಮೇಲೆ ಆಕ್ಷನ್ ಕ್ಯಾಮೆರಾ ಇಡಿ, ಫೋನ್ ಜೇಬಿನಲ್ಲಿರಲಿ.